ದೊಡ್ಡವ್ವ, ಈಗ ಏನ್ ಕಾಣಾಕತ್ತೈತಿ?: ಏರ್‌ಪೋರ್ಟ್ ಮಷಿನ್ ಮುಂದೆ ನಲವತ್ತು ನಿಮಿಷ

ಇವತ್ತಿನ ಮಾತು ಒಂದು ಮಷಿನ್ ಬಗ್ಗೆ. ಏರ್‌ಪೋರ್ಟ್ ಒಳಗೆ ಹೋದ ಕೂಡಲೇ ಎಟಿಎಂ ತರ ಸಾಲಾಗಿ ನಿಂತಿರ್ತಾವಲ್ಲ, ಅವು. ಸೆಲ್ಫ್ ಚೆಕ್-ಇನ್ ಕಿಯಾಸ್ಕ್ ಅಂತಾರೆ. ನಮ್ಮ ಬೋರ್ಡಿಂಗ್ ಪಾಸ್ ನಾವೇ ತೆಗೀಬೇಕು, ಬ್ಯಾಗಿಗೆ ಕಟ್ಟೋ ಪಟ್ಟಿನೂ ನಾವೇ ತೆಗೀಬೇಕು. ಆ ಮಷಿನ್ ಮಾತಾಡೋ ಭಾಷೆ ನಮಗೆ ಬರಲ್ಲ ಅಂದ್ರೆ ಏನ್ ಮಾಡೋದು?

ಇದು ನಮ್ಮ ದೊಡ್ಡವ್ವನ ಕಥೆ. ಯಲಬುರ್ಗಾ ತಾಲೂಕಿನ ಹಳ್ಳಿಯವಳು. ಕನ್ನಡ ಓದ್ತಾಳೆ, ಸ್ವಲ್ಪ ನಿಧಾನ. ಮೊಬೈಲ್ ಒತ್ತಿ ಒತ್ತಿ ಇಂಗ್ಲಿಷ್ ಅಂಕಿ ಗೊತ್ತು. ಇಂಗ್ಲಿಷ್ ಅಕ್ಷರ ಅಂದ್ರೆ ಎ ಬಿ ಸಿ ಡಿ ಸಾಲಾಗಿ ಬಾಯಿಪಾಠ ಹೇಳ್ತಾಳೆ, ನಡುವೆ ಒಂದನ್ನು ತೋರಿಸಿ ಇದೇನು ಅಂದ್ರೆ ನಿಂತು ಯೋಚನೆ ಮಾಡ್ತಾಳೆ. ಹಿಂದಿ ಅಂತೂ ಸೀರಿಯಲ್ ನೋಡಿ ಕಿವಿಗೆ ಬಿದ್ದಷ್ಟೇ, ಓದೋಕೆ ಬರಲ್ಲ.

ಅವಳ ಮಗ, ಅಂದ್ರೆ ನಮ್ಮಣ್ಣ, ಉತ್ತರದ ಕಡೆ ಒಂದು ದೊಡ್ಡ ಊರಿನಲ್ಲಿ ಕೆಲಸದಲ್ಲಿದ್ದಾನೆ. ಊರಿನ ಹೆಸರು, ವಿಮಾನ ಕಂಪನಿ ಹೆಸರು ಎರಡೂ ಬೇಡ ಬಿಡ್ರಿ. ಮೊಮ್ಮಗಳನ್ನು ನೋಡೋಕೆ ದೊಡ್ಡವ್ವ ಅಲ್ಲಿಗೆ ಹೋಗಿದ್ದಳು. ಹೋಗುವಾಗ ಅಣ್ಣ ಬಂದು ಜೊತೆಗೆ ಕರ್ಕೊಂಡು ಹೋದ, ತೊಂದರೆ ಆಗಲಿಲ್ಲ. ಬರುವಾಗ ಒಬ್ಬಳೇ. ಬೆಂಗಳೂರಿಗೆ ವಿಮಾನ, ಅಲ್ಲಿ ನಮ್ಮ ಅಕ್ಕ ಬಂದು ಕರ್ಕೊಂಡು ಹೋಗಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಸೋದು, ಬೆಳಿಗ್ಗೆ ಕೊಪ್ಪಳದಲ್ಲಿ ನಾನು ಇಳಿಸ್ಕೊಳ್ಳೋದು. ಪ್ಲಾನ್ ಹಂಗಿತ್ತು. ನಮ್ಮ ಜಿಲ್ಲೆಯಿಂದ ದಿನಾ ಹಾರೋ ಪ್ರಯಾಣಿಕರ ವಿಮಾನ ಇಲ್ಲವಲ್ಲ. ಹುಬ್ಬಳ್ಳಿ, ತೋರಣಗಲ್ಲು, ಇಲ್ಲಾ ಅಂದ್ರೆ ಬೆಂಗಳೂರು. ಕುಷ್ಟಗಿಗೆ ರೈಲು ಬಂದದ್ದೇ 2025ರ ಮೇ ತಿಂಗಳಲ್ಲಿ. ಆದರೂ ನಮ್ಮ ಹಳ್ಳಿಗಳಲ್ಲಿ ರೈಲು ಹತ್ತದವರು ಮೊದಲು ವಿಮಾನ ಹತ್ತಿದ್ದನ್ನ ನಾನು ನೋಡಿದ್ದೀನಿ.

ವಿಮಾನ ಬೆಳಿಗ್ಗೆ 11:40ಕ್ಕೆ. ಈ ಸಮಯವನ್ನು ನೆನಪಲ್ಲಿ ಇಟ್ಕೊಳ್ರಿ. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ ಹೊರಡೋ ಒಂದು ತಾಸು ಮೊದಲೇ ಚೆಕ್-ಇನ್ ಬಂದ್. ಅಂದ್ರೆ 10:40 ಆದ ಮೇಲೆ ಕಣ್ಣೀರು ಹಾಕಿದ್ರೂ ಬ್ಯಾಗ್ ತಗೊಳ್ಳಲ್ಲ. ಅಣ್ಣ ಒಂಬತ್ತೂವರೆಗೆ ಬಾಗಿಲ ಹತ್ತಿರ ಇಳಿಸಿದ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡಲ್ಲ. ಅವನಿಗೆ ಡ್ಯೂಟಿ ಬೇರೆ, ಅಲ್ಲಿ ಫೋನ್ ಒಳಗೆ ಒಯ್ಯಂಗಿಲ್ಲ. ಬಾಗಿಲಲ್ಲಿ ಆಧಾರ್ ಕಾರ್ಡು, ಟಿಕೆಟ್ ಕಾಗದ ತೋರಿಸಿ ದೊಡ್ಡವ್ವ ಒಳಗೆ ಹೋದಳು. ಕೌಂಟರ್ ಮುಂದೆ ಜಾತ್ರೆ. ಯೂನಿಫಾರ್ಮ್ ಹಾಕಿದ ಹುಡುಗಿ ಒಬ್ಬಳು ಕೈ ಮಾಡಿ ಮಷಿನ್ ಕಡೆ ತೋರಿಸಿ ಹಿಂದಿಯಲ್ಲಿ ಏನೋ ಹೇಳಿ ಮುಂದೆ ಹೋದಳು.

9:35ಕ್ಕೆ ನನಗೆ ಫೋನ್. ನಾನು ಕೊಪ್ಪಳ ಬಸ್‌ಸ್ಟ್ಯಾಂಡ್ ಎದುರು ಚಾ ಕುಡಿತಾ ಇದ್ದೆ.

"ತಮ್ಮಾ, ಇಲ್ಲಿ ಒಂದು ಟಿವಿ ಐತಿ. ಅದರ ಮುಂದ ನಿಂದರ್ಸಿ ಹೋದ್ಳು."

ಇಲ್ಲಿ ನನ್ನ ತಪ್ಪು ಒಂದು ಒಪ್ಕೋಬೇಕು. ಹಿಂದಿನ ದಿನವೇ ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸ್ ಕಳಿಸಿದ್ದರೆ ಅರ್ಧ ಕೆಲಸ ಮುಗಿದಿರ್ತಿತ್ತು. ಅದರ ಮೇಲಿನ ಕೋಡನ್ನು ಎಷ್ಟೋ ಮಷಿನ್‌ಗಳು ಸ್ಕ್ಯಾನ್ ಮಾಡ್ಕೊಂಡು ನೇರವಾಗಿ ಬ್ಯಾಗ್ ಪಟ್ಟಿಗೇ ಹೋಗ್ತಾವೆ, ಒಂದು ಅಕ್ಷರನೂ ಟೈಪ್ ಮಾಡಬೇಕಿಲ್ಲ. ಅಣ್ಣ ಮಾಡಿರ್ತಾನೆ ಅಂತ ನಾನು, ನಾನು ಮಾಡಿರ್ತೀನಿ ಅಂತ ಅಣ್ಣ. ಸರಿ, ವಿಡಿಯೋ ಕಾಲ್ ಮಾಡಿದೆ. ಮೊದಲು ಅವಳ ಮುಖ ಕಂಡಿತು, ಆಮೇಲೆ ಏರ್‌ಪೋರ್ಟಿನ ಮಾಳಿಗೆ ಕಂಡಿತು, ಆಮೇಲೆ ಚಿತ್ರ ಅಲ್ಲೇ ಗಕ್ಕನೆ ನಿಂತುಬಿಡ್ತು. ನೆಟ್ ಇಲ್ಲ. ನಿಮಗೆ ವಿಡಿಯೋ ಬಂದ್ರೆ ಹಿಂದಿನ ಕ್ಯಾಮೆರಾ ಆನ್ ಮಾಡಿಸಿ ಸ್ಕ್ರೀನ್ ತೋರಿಸಿ ಅನ್ರಿ, ಅಷ್ಟೇ ಸಾಕು. ನಮಗೆ ಬರೀ ಮಾತು ಉಳೀತು. ಅವಳು ಕಂಡದ್ದು ಹೇಳಬೇಕು, ನಾನು ಊಹೆ ಮಾಡಬೇಕು.

"ದೊಡ್ಡವ್ವ, ಈಗ ಏನ್ ಕಾಣಾಕತ್ತೈತಿ?"

"ವಿಮಾನದ ಚಿತ್ರ ಭಾಳ ಅದಾವು. ಬ್ಯಾರೆ ಬ್ಯಾರೆ ಬಣ್ಣ."

ಇದು ಮೊದಲನೇ ಸ್ಕ್ರೀನ್. ಎಷ್ಟೋ ಏರ್‌ಪೋರ್ಟುಗಳಲ್ಲಿ ಒಂದೇ ಮಷಿನ್ ಹಲವು ಕಂಪನಿಗಳಿಗೆ ಕೆಲಸ ಮಾಡುತ್ತೆ. ಅದಕ್ಕೇ ಮೊದಲು ಯಾವ ಕಂಪನಿ ಅಂತ ಕೇಳುತ್ತೆ. ಓದೋಕೆ ಬರಬೇಕಿಲ್ಲ. "ನಿನ್ನ ಟಿಕೆಟ್ ಕಾಗದದ ಮ್ಯಾಲೆ ಒಂದು ಗುರುತು ಐತಲ್ಲ, ಅಂಥದ್ದು ಹುಡುಕು" ಅಂದೆ. ಸಿಕ್ತು. ಒತ್ತಿದಳು. ಕೆಲವು ಮಷಿನ್ ಒಂದೇ ಕಂಪನಿಯವು ಇರ್ತಾವೆ, ಅವುಗಳಲ್ಲಿ ಈ ಹೆಜ್ಜೆನೇ ಬರಲ್ಲ. ಹಂಗಿದ್ದಾಗ ಬೇರೆ ಕಂಪನಿ ಮಷಿನ್ ಮುಂದೆ ನಿಂತು ಕಾಲು ಗಂಟೆ ಒದ್ದಾಡೋರೂ ಇದ್ದಾರೆ. ಆದ್ದರಿಂದ ಮಷಿನ್ ಮೈ ಮೇಲಿನ ಗುರುತು, ಟಿಕೆಟ್ ಮೇಲಿನ ಗುರುತು ಎರಡೂ ಒಂದೇನಾ ಅಂತ ಮೊದಲೇ ನೋಡೋದು ಒಳ್ಳೇದು.

ಆಮೇಲೆ ಭಾಷೆ. ಇದು ಒಂದು ಬೇರೆ ಸ್ಕ್ರೀನ್ ಆಗಿ ಬರಬಹುದು, ಇಲ್ಲಾ ಮೂಲೆಯಲ್ಲಿ ಒಂದು ಸಣ್ಣ ಗೋಲದ ಚಿತ್ರ ಇರುತ್ತೆ, ಭೂಮಿಯ ತರ ಗೆರೆ ಎಳೆದಿದ್ದು. ಅದನ್ನು ಒತ್ತಿದ್ರೆ ಭಾಷೆಗಳ ಪಟ್ಟಿ. "ಕನ್ನಡ ಐತಾ ನೋಡು" ಅಂದೆ. "ಇಲ್ಲಪಾ. ಒಂದು ಇಂಗ್ಲಿಷ್ ಇದ್ದಂಗ ಐತಿ, ಇನ್ನೊಂದು ತೆಲಿ ಮ್ಯಾಲೆ ಗೆರಿ ಎಳದಾರ." ಅದು ಹಿಂದಿ. ಅವಳಿಗೆ ಎರಡೂ ಒಂದೇ, ಎರಡೂ ಬರಲ್ಲ. ನಾನು ಇಂಗ್ಲಿಷ್ ಒತ್ತು ಅಂದೆ. ಕಾರಣ ಏನಂದ್ರೆ, ಆ ಮಷಿನ್ ಇಂಗ್ಲಿಷಿನಲ್ಲಿ ಯಾವ ಸ್ಕ್ರೀನಲ್ಲಿ ಏನು ಕೇಳುತ್ತೆ ಅನ್ನೋದು ನನ್ನ ತಲೆಯಲ್ಲಿ ಇತ್ತು. ಒತ್ತೋರಿಗೆ ಭಾಷೆ ಗೊತ್ತಿಲ್ಲ ಅಂದ್ರೆ ಫೋನಿನಲ್ಲಿ ಹೇಳಿಕೊಡೋರ ಭಾಷೆ ಆರಿಸಬೇಕು. ಹಂಗೇ ನಡುವೆ ಭಾಷೆ ಬದಲಿ ಮಾಡೋಕೆ ಹೋಗಬೇಡ್ರಿ, ಕೆಲವು ಮಷಿನ್ ಮತ್ತೆ ಮೊದಲಿಂದ ಶುರು ಮಾಡಿಬಿಡ್ತಾವೆ.

ಇನ್ನೊಂದು ಮಾತು, ಗಲ್ಫ್ ಕಡೆ ಹೋಗೋರಿಗೆ. ಅಲ್ಲಿ ಯಾರೋ ಮುಂಚೆ ಅರಬ್ಬಿ ಆರಿಸಿ ಬಿಟ್ಟು ಹೋಗಿದ್ರೆ ಸ್ಕ್ರೀನ್ ಪೂರ್ತಿ ಕನ್ನಡಿಯಲ್ಲಿ ಕಂಡಂಗೆ ತಿರುಗಿರುತ್ತೆ. ಅರಬ್ಬಿ ಬಲದಿಂದ ಎಡಕ್ಕೆ ಓದೋ ಭಾಷೆ, ಆದ್ದರಿಂದ ಮುಂದೆ ಹೋಗೋ ಬಟನ್ ಎಡಗಡೆ ಬರುತ್ತೆ. ನಮ್ಮ ಅಭ್ಯಾಸದಂತೆ ಬಲಗಡೆ ಒತ್ತಿದ್ರೆ ಹಿಂದೆ ಹೋಗ್ತೀವಿ. ಗಾಬರಿ ಬೇಡ, ಗೋಲದ ಚಿತ್ರ ಹುಡುಕಿ.

ಸರಿ, ದೊಡ್ಡವ್ವನ ಹತ್ತಿರ ಬರೋಣ. ಈಗ ಮಷಿನ್ ಕೇಳೋದು ನೀನ್ಯಾರು ಅಂತ. ಸ್ಕ್ರೀನ್ ಮೇಲೆ `PNR` ಅಂತ, ಇಲ್ಲಾ `Booking Reference` ಅಂತ ಇರುತ್ತೆ. ಅದು ಆರು ಅಕ್ಷರ-ಅಂಕಿ ಕೂಡಿದ ಒಂದು ಗುರುತು. ರೈಲಿನ ಪಿಎನ್‌ಆರ್ ಹತ್ತು ಅಂಕಿ ಇರುತ್ತಲ್ಲ, ವಿಮಾನದ್ದು ಆರೇ. ಅಣ್ಣ ಟಿಕೆಟ್ ಮೇಲೆ ಪೆನ್ನಿನಿಂದ ಅದರ ಸುತ್ತ ಗುಂಡಗೆ ಗೆರೆ ಎಳೆದಿದ್ದ. ಅವನು ಮಾಡಿದ ಅತ್ಯಂತ ಒಳ್ಳೇ ಕೆಲಸ ಅದು. ನಿಜವಾದದ್ದು ಬೇಡ, ಉದಾಹರಣೆಗೆ `TO7K9M` ಅಂತ ಇಟ್ಕೊಳ್ರಿ.

ಕೆಳಗೆ ಕೀಬೋರ್ಡ್ ಮೂಡಿದೆ. ದೊಡ್ಡವ್ವನಿಗೆ ಇಲ್ಲಿ ಸಿಟ್ಟು ಬಂತು. "ಇವರು ಎ ಬಿ ಸಿ ಡಿ ಸಾಲಾಗಿ ಇಟ್ಟಿಲ್ಲಲ್ಲೋ, ಕಲಸಿಬಿಟ್ಟಾರ." ನ್ಯಾಯವಾದ ಸಿಟ್ಟು! ಸಾಲಾಗಿ ಬಾಯಿಪಾಠ ಇರೋರಿಗೆ ಅದು ಉಪಯೋಗವೇ ಇಲ್ಲ. ಅದಕ್ಕೆ ನಾನು ಹೆಸರು ಹಿಡಿದು ಹೇಳೋದು ಬಿಟ್ಟೆ. "ಕಾಗದದ ಮ್ಯಾಲೆ ಮೊದಲನೇದು ಹೆಂಗೈತಿ, ಅದೇ ಆಕಾರ ಕೆಳಗ ಹುಡುಕು" ಅಂದೆ. ಅಕ್ಷರವನ್ನು ಓದೋದು ಬೇರೆ, ಆಕಾರ ಜೋಡಿಸೋದು ಬೇರೆ. ರಂಗೋಲಿ ಚುಕ್ಕಿ ಎಣಿಸಿ ಹಾಕೋ ಕೈ ಅದು, ಜೋಡಿಸಿದಳು. ಒಂದೊಂದಕ್ಕೆ ಹತ್ತು ಸೆಕೆಂಡ್.

ಆರೂ ಒತ್ತಿದ ಮೇಲೆ ಕೆಂಪು ಅಕ್ಷರದಲ್ಲಿ ಏನೋ ಬಂತು. ಬುಕಿಂಗ್ ಸಿಗಲಿಲ್ಲ ಅಂತ ಅದರ ಅರ್ಥ. ಎಲ್ಲಿ ತಪ್ಪಿತು? ಎರಡನೇದು `O`. ದುಂಡಗೆ ಇದೆ ಅಂತ ಅವಳು ಮೇಲಿನ ಅಂಕಿ ಸಾಲಿನ ಸೊನ್ನೆ ಒತ್ತಿದ್ದಳು. ಇದು ಓದು ಬಂದವರಿಗೂ ಆಗೋ ತಪ್ಪು. ಸೊನ್ನೆ ಇರೋದು ಅಂಕಿಗಳ ಸಾಲಿನ ಕೊನೆಗೆ, ಅಕ್ಷರದ `O` ಇರೋದು ಅದರ ಕೆಳಗಿನ ಸಾಲಿನಲ್ಲಿ, ಬಲದಿಂದ ಎರಡನೇದು. `S` ಮತ್ತು 5, `B` ಮತ್ತು 8, `Z` ಮತ್ತು 2 ಕೂಡ ಹಿಂಗೇ ಆಟ ಆಡಿಸ್ತಾವೆ. ಕಾಗದ ಝೆರಾಕ್ಸ್ ಆಗಿ ಮಸುಕಾಗಿದ್ರೆ ಕೇಳೋದೇ ಬೇಡ. ನೀವು ಯಾರಿಗಾದ್ರೂ ಟಿಕೆಟ್ ಕೊಡುವಾಗ ಆ ಆರು ಗುರುತನ್ನು ಕೈಯಿಂದ ದೊಡ್ಡದಾಗಿ ಬರೆದು, ಅಂಕಿ ಇರೋ ಕಡೆ ಅಡಿಗೆರೆ ಹಾಕಿ ಕೊಡ್ರಿ.

ಅದರ ಕೆಳಗೆ `Last Name`. ಅಂದ್ರೆ ಅಡ್ಡಹೆಸರು, ಮನೆತನದ ಹೆಸರು. ನಮ್ಮ ಕಡೆ ಇದೇ ದೊಡ್ಡ ತಲೆನೋವು. ಹುಲಿಗೆಮ್ಮ, ಯಮನೂರಪ್ಪ, ಶಂಕ್ರಮ್ಮ ಅಂತ ಆಧಾರ್‌ನಲ್ಲಿ ಒಂದೇ ಹೆಸರು ಇರೋರು ಎಷ್ಟು ಜನ! ಟಿಕೆಟ್ ಬುಕ್ ಮಾಡುವಾಗ ವೆಬ್‌ಸೈಟ್ ಎರಡನೇ ಖಾನೆ ಖಾಲಿ ಬಿಡೋಕೆ ಕೊಡಲ್ಲ. ಆಗ ಕೆಲವರು ಅದೇ ಹೆಸರನ್ನು ಎರಡು ಸಲ ಹಾಕ್ತಾರೆ, ಕೆಲವರು ಗಂಡನ ಹೆಸರು ಹಾಕ್ತಾರೆ, ಕೆಲವು ಕಂಪನಿ `LNU` ಅಂತ ಹಾಕೋಕೆ ಹೇಳ್ತಾರೆ, ಅಂದ್ರೆ ಕೊನೆ ಹೆಸರು ತಿಳಿದಿಲ್ಲ ಅಂತ. ಮಷಿನ್‌ಗೆ ನಿಮ್ಮ ಆಧಾರ್ ಸಂಬಂಧ ಇಲ್ಲ. ಟಿಕೆಟ್ ಮೇಲೆ ಏನು ಅಚ್ಚಾಗಿದೆಯೋ ಅದನ್ನೇ ಕೇಳುತ್ತೆ, ಒಂದಕ್ಷರ ಆಚೀಚೆ ಆದ್ರೂ ಇಲ್ಲ ಅನ್ನುತ್ತೆ. ದೊಡ್ಡವ್ವನ ಟಿಕೆಟಿನಲ್ಲಿ ಅಣ್ಣ ಅದೇ ಹೆಸರು ಎರಡು ಸಲ ಹಾಕಿದ್ದ. ಅದು ಸುಲಭವಾಯ್ತು. ಆದರೆ ನಮ್ಮ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಬ್ಯಾಂಕಿನಲ್ಲಿ ಒಂದು, ಆಧಾರ್‌ನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಬಾಗಿಲಲ್ಲಿ ಕಾವಲಿನವರು ನೋಡೋದು ಆಧಾರ್. ಹಂಗಾಗಿ ಟಿಕೆಟ್ ಬುಕ್ ಮಾಡುವಾಗ ಆಧಾರ್ ಕಾರ್ಡ್ ಎದುರಿಗೆ ಇಟ್ಕೊಂಡೇ ಮಾಡಬೇಕು, ನೆನಪಿನಿಂದ ಅಲ್ಲ.

ಈಗ 9:50. ಹೆಸರು ಸಿಕ್ತು. ಸ್ಕ್ರೀನಿನಲ್ಲಿ ಅವಳ ಹೆಸರು, ಪಕ್ಕದಲ್ಲಿ ಒಂದು ಖಾಲಿ ಚೌಕ. ಅದನ್ನು ಮುಟ್ಟಿ ಸರಿ ಗುರುತು ಬರಿಸಬೇಕು, ಆಮೇಲೆ `Continue`. ಈ ಬಟನ್ ಸಾಮಾನ್ಯವಾಗಿ ಬಲಗಡೆ ಕೆಳಗೆ, ಬಣ್ಣ ತುಂಬಿ ಇರುತ್ತೆ. ಹಿಂದೆ ಹೋಗೋ `Back` ಎಡಗಡೆ, ಮಂಕಾಗಿ ಇರುತ್ತೆ. ಚೌಕ ಮುಟ್ಟದೆ ಇದ್ರೆ ಬಲಗಡೆ ಬಟನ್ ಕೂಡ ಮಂಕಾಗೇ ಇರುತ್ತೆ. ಒತ್ತಿ ಒತ್ತಿ ಮಷಿನ್ ಕೆಟ್ಟಿದೆ ಅಂತ ಪಕ್ಕದ ಮಷಿನ್‌ಗೆ ಹೋದವರನ್ನು ನಾನೇ ನೋಡಿದ್ದೀನಿ. ಬಟನ್ ಬಣ್ಣ ಮಂಕು ಅಂದ್ರೆ ಮೇಲೆ ಏನೋ ಒಂದು ಮುಟ್ಟೋದು ಬಾಕಿ ಇದೆ ಅಂತ ತಿಳೀಬೇಕು.

ಆಮೇಲೆ ಬಂದದ್ದು ಚಿತ್ರಗಳ ಸ್ಕ್ರೀನ್.

"ಬೆಂಕಿ ಐತಿ, ಕಡ್ಡಿಪೆಟ್ಟಿಗಿ ಐತಿ, ಸಿಲಿಂಡರ್ ಐತಿ, ಸೆಲ್ ಇದ್ದಂಗ ಒಂದು ಐತಿ. ಒತ್ತಲೇನು ಮುಂದ?"

ಎಲ್ಲರೂ ಇದನ್ನು ಓದದೆ `I Agree` ಒತ್ತಿ ಮುಂದೆ ಹೋಗ್ತಾರೆ. ನಾನೂ ಹಂಗೇ. ಅವತ್ತು ಯಾಕೋ ಕೇಳಿದೆ, "ದೊಡ್ಡವ್ವ, ಬ್ಯಾಗಿನ್ಯಾಗ ಪವರ್ ಬ್ಯಾಂಕ್ ಇಟ್ಟಾರೇನು?" "ಹಂಗಂದ್ರ?" "ಫೋನ್ ಚಾರ್ಜ್ ಮಾಡೋದು, ಇಟ್ಟಂಗಿ ಹಂಗ ಭಾರ ಇರ್ತೈತಿ." "ಹ್ಞೂಂ, ಸೊಸಿ ಕೊಟ್ಟಾಳ ನಿನಗ ಅಂತ. ಸೀರಿ ನಡುವ ಸುತ್ತಿಟ್ಟಾಳ."

ನನಗಾಗಿ ತಂದ ಪವರ್ ಬ್ಯಾಂಕ್! ಅದು ದೊಡ್ಡ ಸೂಟ್‌ಕೇಸಿನಲ್ಲಿ ಹೋಗೋ ಹಾಗಿಲ್ಲ. ಒಳಗಿರೋದು ಲಿಥಿಯಂ ಬ್ಯಾಟರಿ. ಅದು ಬಿಸಿಯಾಗಿ ಹೊತ್ತಿಕೊಂಡ್ರೆ ಸೀಟಿನ ಹತ್ತಿರ ಇದ್ದಾಗ ಸಿಬ್ಬಂದಿ ಕಂಡು ಆರಿಸಬಹುದು, ಕೆಳಗಿನ ಸಾಮಾನಿನ ಗೂಡಿನಲ್ಲಿ ಕೈಗೆ ಸಿಗಲ್ಲ. ಅದಕ್ಕೇ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್‌ವರೆಗೆ ಅನುಮತಿ ಕೇಳಬೇಕಿಲ್ಲ. ನಮ್ಮ ಬಿಕಾಂ ಲೆಕ್ಕದಲ್ಲಿ ಹೇಳಬೇಕು ಅಂದ್ರೆ 20,000 ಎಂಎಎಚ್ ಅಂತ ಬರೆದಿರೋದು 3.7 ವೋಲ್ಟಿಗೆ 74 ವ್ಯಾಟ್-ಅವರ್ ಆಗುತ್ತೆ, ನಡೆಯುತ್ತೆ. ಸೂಟ್‌ಕೇಸಿನಲ್ಲೇ ಬಿಟ್ಟಿದ್ರೆ ಏನಾಗ್ತಿತ್ತು? ಬೆಲ್ಟಿನ ಮೇಲೆ ಹೋದ ಬ್ಯಾಗು ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತೆ, ಆಮೇಲೆ ಅವಳ ಹೆಸರು ಮೈಕಿನಲ್ಲಿ ಕೂಗ್ತಾರೆ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಅವಳಿಗೆ ತಿಳಿಯಲ್ಲ. ಬ್ಯಾಗ್ ಅಲ್ಲೇ ಉಳಿಯುತ್ತೆ.

ನಮ್ಮವರಿಗೆ ಈ ಪಟ್ಟಿಯಲ್ಲಿ ಇನ್ನೊಂದು ಮುಖ್ಯ ಸಾಮಾನಿದೆ, ಒಣಕೊಬ್ಬರಿ. ಪಂಚಮಿ ಬಂತು ಅಂದ್ರೆ ಕೊಬ್ಬರಿ ಬಟ್ಟಲು ಇಲ್ಲದೆ ಹೆಣ್ಣುಮಕ್ಕಳ ಮನೆಗೆ ಹೋಗ್ತೀವಾ? ಎಣ್ಣೆ ಅಂಶದಿಂದ ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳೋ ಸರಕಿನ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದಾರೆ. ವಿಮಾನಕ್ಕೆ ಒಯ್ಯಬೇಡ್ರಿ, ಅಲ್ಲೇ ಕೊಂಡ್ಕೊಳ್ರಿ.

ದೊಡ್ಡವ್ವ ಅಲ್ಲೇ ನೆಲದ ಮೇಲೆ ಕುಂತು ಸೂಟ್‌ಕೇಸ್ ಬಿಚ್ಚಿದಳು. ಸೀರೆ ತೆಗೆದು, ಪವರ್ ಬ್ಯಾಂಕ್ ಕೈಚೀಲಕ್ಕೆ ಹಾಕಿ, ಮತ್ತೆ ಜಿಪ್ ಎಳೆದು ಏಳೋ ಹೊತ್ತಿಗೆ ಮಷಿನ್ ಮೊದಲಿನ ವಿಮಾನದ ಚಿತ್ರಗಳಿಗೆ ವಾಪಸ್ ಹೋಗಿತ್ತು. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ರೆ ಅದು ಹಂಗೇ ಮಾಡುತ್ತೆ, ಹಿಂದಿನವರ ವಿವರ ಮುಂದಿನವರಿಗೆ ಕಾಣಬಾರದು ಅಂತ. ಅದಕ್ಕೆ ಮುಂಚೆ ಇನ್ನೂ ಸಮಯ ಬೇಕಾ ಅಂತ ಒಂದು ಡಬ್ಬಿ ಬರುತ್ತೆ, ಸೆಕೆಂಡ್ ಎಣಿಕೆ ಇಳೀತಾ ಇರುತ್ತೆ. ಅವಳು ಕೆಳಗೆ ಕುಂತಿದ್ದಳು, ನೋಡಲಿಲ್ಲ.

ಮತ್ತೆ ಮೊದಲಿಂದ. ಆದರೆ ನೋಡ್ರಿ, ಎರಡನೇ ಸಲ ಅವಳು ನನ್ನನ್ನು ಕೇಳಲೇ ಇಲ್ಲ. ಗುರುತು, ಇಂಗ್ಲಿಷ್, ಆರು ಆಕಾರ, ಹೆಸರು, ಚೌಕ. ಎರಡು ನಿಮಿಷದಲ್ಲಿ ಚಿತ್ರಗಳ ಸ್ಕ್ರೀನಿಗೆ ಬಂದು "ಹ್ಞೂಂ, ಈಗ ಒತ್ತಲೇನು?" ಅಂದಳು. ಸಮಯ 10:02.

ಮುಂದೆ ಸೀಟು. "ಬಸ್ಸಿನ ಸೀಟಿನ ಚಿತ್ರ ಬಂತು" ಅಂದಳು. ಇಲ್ಲಿ ದುಡ್ಡು ಹೋಗೋದು. ಕಿಟಕಿ ಸೀಟು, ಮುಂದಿನ ಸೀಟು ಒತ್ತಿದ್ರೆ ಕಾಸು ಕೇಳುತ್ತೆ. ನಾನು ಅವಳಿಗೆ ಒಂದೇ ಮಾತು ಹೇಳಿದೆ, "₹ ಗುರುತು ಎಲ್ಲಾದ್ರೂ ಕಂಡ್ರ ಅದನ್ನ ಮುಟ್ಟಬ್ಯಾಡ." ನೋಟಿನ ಮೇಲಿನ ಗುರುತು ಅಲ್ವಾ, ಅದನ್ನು ಗುರುತಿಸೋಕೆ ಇಂಗ್ಲಿಷ್ ಬೇಕಿಲ್ಲ. ಕೆಳಗೆ ಎಲ್ಲೋ ಸಣ್ಣದಾಗಿ `Skip` ಅಂತ ಇರುತ್ತೆ, ಕೆಲವೊಮ್ಮೆ ಬರೀ ಬರಹ, ಬಟನ್ ತರ ಕಾಣೋದೇ ಇಲ್ಲ. ದುಡ್ಡು ಕೊಡೋ ಬಟನ್ ಮಾತ್ರ ದೊಡ್ಡದಾಗಿ ಹೊಳೀತಿರುತ್ತೆ. ಇದು ಅಪ್ಪಿತಪ್ಪಿ ಆದದ್ದು ಅಂತ ನನಗೆ ಅನಿಸಲ್ಲ, ಆದರೆ ಜಿಎಸ್‌ಟಿ ಪೋರ್ಟಲ್ ಜೊತೆ ಜಗಳಾಡಿದವನ ಮಾತು, ಬಿಟ್ಟುಬಿಡ್ರಿ. ಬಿಟ್ಟು ಮುಂದೆ ಹೋದ್ರೆ ಮಷಿನ್ ತಾನೇ ಒಂದು ಸೀಟು ಕೊಡುತ್ತೆ. ಅವಳಿಗೆ ನಡುವಿನ ಸೀಟು ಸಿಕ್ತು.

ಆಮೇಲೆ ಸೂಟ್‌ಕೇಸಿನ ಚಿತ್ರ, ನಡುವೆ 0, ಆಚೀಚೆ ಕಳೆಯುವ ಗುರುತು, ಕೂಡಿಸುವ ಗುರುತು. ಎಷ್ಟು ಬ್ಯಾಗ್ ಕೆಳಗೆ ಕಳಿಸ್ತೀರಿ ಅಂತ. ಕೈಯಲ್ಲಿ ಹಿಡಿದು ಒಳಗೆ ಒಯ್ಯೋದನ್ನು ಇಲ್ಲಿ ಎಣಿಸಬಾರದು. "ಎರಡು ಅದಾವಲ್ಲ" ಅಂದಳು. ಅಲ್ಲ, ಒಂದೇ. ಎರಡು ಒತ್ತಿದ್ರೆ ಎರಡು ಪಟ್ಟಿ ಬರುತ್ತೆ, ಎರಡನೇ ಬ್ಯಾಗಿಗೆ ಕಾಸು ಕೂಡ ಕೇಳಬಹುದು, ಅದನ್ನು ರದ್ದು ಮಾಡಿಸೋಕೆ ಮತ್ತೆ ಕೌಂಟರ್ ಸಾಲು. ನಮ್ಮ ಟಿಕೆಟಿಗೆ 15 ಕೆಜಿ ಇತ್ತು, ಅಣ್ಣ ಮನೆಯಲ್ಲೇ ತೂಗಿ ಕಳಿಸಿದ್ದ. ಕೂಡಿಸುವ ಗುರುತು ಒಂದು ಸಲ ಮುಟ್ಟಿ, ಬಲಗಡೆ ಬಟನ್.

ಗರ್ ಅಂತ ಸದ್ದು ನನಗೂ ಕೇಳಿಸ್ತು.

"ಬಂತು, ಬಂತು!" "ಎಳಿಬ್ಯಾಡ ದೊಡ್ಡವ್ವ!" ಪಟ್ಟಿ ಉದ್ದ ಇರುತ್ತೆ, ಪೂರ್ತಿ ಬಂದು ತಾನೇ ಕತ್ತರಿಸಿಕೊಳ್ಳೋವರೆಗೂ ಕಾಯಬೇಕು. ಅರ್ಧಕ್ಕೆ ಎಳೆದ್ರೆ ಹರಿಯುತ್ತೆ, ಒಳಗೆ ಕಾಗದ ಸಿಕ್ಕಿಕೊಳ್ಳುತ್ತೆ. ಬೋರ್ಡಿಂಗ್ ಪಾಸ್ ಬೇರೆ ಸೀಳಿನಿಂದ ಬರಬಹುದು. ಎರಡೂ ಕೈಗೆ ಬಂದ ಮೇಲೇ ಅಲ್ಲಿಂದ ಕದಲಬೇಕು. ಬೋರ್ಡಿಂಗ್ ಪಾಸ್ ಬಿಟ್ಟು ಬರೀ ಪಟ್ಟಿ ಹಿಡ್ಕೊಂಡು ಹೋಗೋರು ಬಹಳ.

ಪಟ್ಟಿ ಮೇಲೆ ಮೂರು ದೊಡ್ಡ ಅಕ್ಷರ ಇರುತ್ತೆ, ಅದು ಬ್ಯಾಗ್ ಇಳಿಯೋ ಊರು. ನಮ್ಮದು `BLR`. ಅದು ಬಳ್ಳಾರಿ ಅಲ್ಲರೀ, ಬೆಂಗಳೂರು. ಹುಬ್ಬಳ್ಳಿ ಆದ್ರೆ `HBX`, ಕಲಬುರಗಿ `GBI`, ತೋರಣಗಲ್ಲಿನದು `VDY`. ಟಿಕೆಟ್ ಮೇಲಿನ ಮೂರಕ್ಷರ, ಪಟ್ಟಿ ಮೇಲಿನ ಮೂರಕ್ಷರ ಒಂದೇ ಇವೆಯಾ ಅಂತ ಆಕಾರ ನೋಡಿ ಹೇಳು ಅಂದೆ. ಒಂದೇ ಇದ್ದವು. ಅದರ ಜೊತೆಗೆ ಹತ್ತು ಅಂಕಿಯ ಒಂದು ನಂಬರ್ ಇರುತ್ತೆ. ಮೊದಲ ಅಂಕಿ ಬಿಟ್ರೆ ಮುಂದಿನ ಮೂರು ಕಂಪನಿಯ ಗುರುತು (ಏರ್ ಇಂಡಿಯಾದ್ದು `098`, ಇಂಡಿಗೋದ್ದು `312`), ಉಳಿದ ಆರು ಆ ಬ್ಯಾಗಿನದೇ ನಂಬರ್. ಲಾರಿಗೆ ಕೆಎ-37 ಇದ್ದಂಗೆ. ಬೆಲ್ಟಿನ ಮೇಲೆ ಹೋಗುವಾಗ ಸ್ಕ್ಯಾನರ್ ಓದೋದು ಇದರ ಬಾರ್‌ಕೋಡನ್ನೇ, ನಿಮ್ಮ ಹೆಸರನ್ನಲ್ಲ.

ಕಟ್ಟೋದರಲ್ಲಿ ನಾವು ಎಡವಿದ್ವಿ. ಹಿಂದಿನ ಕಾಗದ ಸುಲಿದು ಅಂಟಿಸು ಅಂತ ನಾನು ಅಂದೆ, ಅವಳು ಪೂರ್ತಿ ಸುಲಿದು ಸೂಟ್‌ಕೇಸಿನ ಹೊಟ್ಟೆಗೆ ಚಪ್ಪಟೆಯಾಗಿ ಅಂಟಿಸಿಬಿಟ್ಟಳು, ಅಡಿಗೆ ಡಬ್ಬಿಗೆ ಚೀಟಿ ಅಂಟಿಸಿದಂಗೆ. ಹಂಗಲ್ಲ. ಪಟ್ಟಿಯನ್ನು ಹಿಡಿಕೆಯೊಳಗೆ ತೂರಿಸಿ, ಎರಡು ತುದಿ ಬೆನ್ನಿಗೆ ಬೆನ್ನು ಸೇರಿಸಿ ಒತ್ತಬೇಕು, ಬಾವುಟದಂತೆ ನೇತಾಡಬೇಕು. ಬಾರ್‌ಕೋಡ್ ಹೊರಗೆ ಕಾಣಬೇಕು, ಮಡಚಬಾರದು. ಹೊಟ್ಟೆಗೆ ಅಂಟಿಸಿದ್ರೆ ಬ್ಯಾಗ್ ಬೆಲ್ಟಿನ ಮೇಲೆ ಬೋರಲು ಬಿದ್ದಾಗ ಸ್ಕ್ಯಾನರಿಗೆ ಕಾಣಲ್ಲ.

10:15. ಬ್ಯಾಗ್ ಕೊಡೋ ಕೌಂಟರ್ ಬೇರೆ, ಅದರ ಸಾಲು ಸಣ್ಣದಿತ್ತು. ಅಲ್ಲಿನ ಹುಡುಗ ನೋಡಿದ, ನಕ್ಕ, ಹೊಟ್ಟೆ ಮೇಲಿನದನ್ನು ಕಿತ್ತು ಹೊಸ ಪಟ್ಟಿ ತೆಗೆದು ತಾನೇ ಕಟ್ಟಿದ. ಜೊತೆಗೆ ಹಿಡಿಕೆಗೆ ಹೋಗುವಾಗ ಕಟ್ಟಿದ ಹಳೇ ಪಟ್ಟಿ ಇನ್ನೂ ಇತ್ತು, ಅದನ್ನೂ ಕತ್ತರಿಸಿದ. ಒಂದು ಬ್ಯಾಗಿಗೆ ಎರಡು ಬಾರ್‌ಕೋಡ್ ಇದ್ರೆ ಮಷಿನ್‌ಗೆ ಯಾವ ಊರು ಅಂತ ಗೊಂದಲ ಆಗುತ್ತೆ, ಬ್ಯಾಗ್ ಪಕ್ಕಕ್ಕೆ ಬೀಳುತ್ತೆ. ಹೋಗುವಾಗಿನದನ್ನು ಬರುವಾಗ ಕೀಳಬೇಕು ಅನ್ನೋದು ನಮ್ಮ ಮೂರೂ ಜನರ ತಲೆಗೂ ಹೊಳೆದಿರಲಿಲ್ಲ. ಹೊಸ ಪಟ್ಟಿಯ ಸಣ್ಣ ತುಂಡನ್ನು ಬೋರ್ಡಿಂಗ್ ಪಾಸಿಗೆ ಅಂಟಿಸಿ ಕೊಟ್ಟ. ಬ್ಯಾಗ್ ಬರದಿದ್ರೆ ಅದೇ ದಾಖಲೆ. ಬೆಲ್ಟಿನ ಹತ್ತಿರವೇ, ಹೊರಗೆ ಬರೋ ಮುಂಚೆ, ಕಂಪನಿಯವರಿಗೆ ಆ ಹತ್ತು ಅಂಕಿ ತೋರಿಸಿ ದೂರು ಬರೆಸಬೇಕು.

ಕೇಳೋರು ಕೇಳ್ತೀರಿ, ಇಷ್ಟೆಲ್ಲ ಯಾಕೆ, ಸೀದಾ ಕೌಂಟರಿಗೆ ಹೋಗಬಹುದಿತ್ತಲ್ಲ ಅಂತ. ಹೋಗಬಹುದು. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡೋಕೆ ಬೇರೆ ದುಡ್ಡು ತಗೊಳ್ಳೋ ಹಾಗಿಲ್ಲ ಅಂತ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲೇ ಹೇಳಿದೆ. ಅದಕ್ಕೆ ಮುಂಚೆ ಇನ್ನೂರು ರೂಪಾಯಿ ತಗೊಳ್ತಿದ್ದರು. ಯಾರಾದ್ರೂ ಕಾಸು ಕೇಳಿದ್ರೆ ಕೊಡಬೇಡ್ರಿ. ಇನ್ನು ಸ್ಕ್ರೀನ್ ಮೇಲೆ ಮುಂದೆ ಹೋಗೋ ಬಟನ್ನೇ ಇಲ್ಲದೆ `Agent` ಅನ್ನೋ ಪದ ಇರೋ ಸಾಲು ಬಂದ್ರೆ, ಆ ಮಷಿನ್ ಇನ್ನು ಏನೂ ಮಾಡಲ್ಲ. ಹೆಸರು ತಾಳೆ ಆಗಿಲ್ಲ, ಸಮಯ ಮೀರಿದೆ, ಇಲ್ಲಾ ಕಾಗದ ನೋಡಬೇಕು ಅಂತ ಅರ್ಥ. ಮತ್ತೆ ಮತ್ತೆ ಒತ್ತದೆ ಕೌಂಟರಿಗೇ ಹೋಗಬೇಕು. ನಾವು ಒಳಗೊಳಗೇ ಒಂದು ಗಡುವು ಹಾಕ್ಕೊಂಡಿದ್ವಿ: 10:20ರೊಳಗೆ ಮಷಿನ್‌ನಿಂದ ಆಗದಿದ್ರೆ ಸಾಲಿನ ಮುಂದಕ್ಕೆ ಹೋಗಿ ಬೋರ್ಡಿನ ಮೇಲಿನ ಸಮಯ ತೋರಿಸೋದು, ಅಷ್ಟೇ. 10:40ಕ್ಕೆ ಹತ್ತಿರವಾದವರನ್ನು ಸಿಬ್ಬಂದಿ ಮುಂದೆ ಕರೀತಾರೆ, ಆದರೆ ನಾವು ಕೇಳಿದ್ರೆ ಮಾತ್ರ.

ಮರುದಿನ ಬೆಳಿಗ್ಗೆ ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿದಳು. ಸೂಟ್‌ಕೇಸ್ ನಾನು ಹೊತ್ತೆ. ಹಿಡಿಕೆಗೆ `BLR` ಪಟ್ಟಿ ನೇತಾಡ್ತಿತ್ತು. ಹರಿಯೋಕೆ ಕೈ ಹಾಕಿದೆ.

"ಏ, ಬಿಡು. ಓಣ್ಯಾಗಿನವ್ರು ನೋಡ್ಲಿ ಒಂದು ದಿನ. ನಾಳೆ ನಾನ ಕಿತ್ತಿಡ್ತೀನಿ."

ಆಮೇಲೆ ಎಲೆಅಡಿಕೆ ಸಂಚಿಯಿಂದ ನಾಲ್ಕು ಮಡಿಕೆ ಮಾಡಿದ ಬೋರ್ಡಿಂಗ್ ಪಾಸ್ ತೆಗೆದು, ಅದರ ಮೇಲಿನ `O` ಮೇಲೆ ಬೆರಳಿಟ್ಟು, "ಇದು ಸೊನ್ನಿ ಅಲ್ಲ ನೋಡು" ಅಂದಳು.